ಸಿದ್ಧ ಎಂದ ಮೇಲೆ ಕಾಯಬೇಕಿತ್ತು

ಎಐ ಸಹಾಯಕಗಳಿಗೆ ಉತ್ತರ ಕೊಡುವ ರೀತಿಯನ್ನು ಕಲಿಸುವ ಒಂದು ಮುಖ್ಯ ದಾರಿ ಮನುಷ್ಯರು ಬರೆದ ಮಾದರಿ ಸಂಭಾಷಣೆಗಳದ್ದು. ಒಬ್ಬರು ಬಳಕೆದಾರರ ಮಾತು ಬರೆಯುತ್ತಾರೆ. ಇನ್ನೊಬ್ಬರು, ಆ ಮಾತಿಗೆ ಯಂತ್ರ ಹೇಗೆ ಉತ್ತರಿಸಬೇಕೋ ಹಾಗೆ ತಾವೇ ಉತ್ತರ ಬರೆಯುತ್ತಾರೆ. ಮೂರನೆಯವರು, ಅಂದರೆ ಪರಿಶೀಲಕರು, ಎರಡನ್ನೂ ಓದಿ, ಉಳಿಸಬೇಕೋ ಬಿಡಬೇಕೋ ಹೇಳುತ್ತಾರೆ. ಪತ್ರಿಕೆಯೊಂದರಲ್ಲಿ ಬಹಳ ಕಾಲ ಕರಡು ತಿದ್ದಿ ನಿವೃತ್ತನಾದ ಮೇಲೆ, ಮೈಸೂರಿನ ಮನೆಯಲ್ಲೇ ಕುಳಿತು ಮಾಡಬಹುದಾದ ಕೆಲಸವೆಂದು ನಾನು ಈ ಎರಡನೆಯವನ ಪಾತ್ರ ಒಪ್ಪಿಕೊಂಡೆ. ಭಾಷೆ ಗೊತ್ತಿತ್ತು, ಕಾಗುಣಿತ ಗೊತ್ತಿತ್ತು, ಬೇರೆಯವರ ಬರಹವನ್ನು ಗೌರವದಿಂದ ಮುಟ್ಟುವ ಅಭ್ಯಾಸ ಇತ್ತು. ಆದರೂ ಎಲ್ಲಕ್ಕಿಂತ ಸುಲಭ ಎಂದುಕೊಂಡಿದ್ದ ಒಂದು ಬಗೆಯ ಉತ್ತರದಲ್ಲಿ ನಾನು ಬಹಳ ಕಾಲ ತಪ್ಪು ಮಾಡುತ್ತಲೇ ಬಂದೆ. ಅದನ್ನು ಇಲ್ಲಿ ಬರೆಯುತ್ತಿರುವುದು, ಕನ್ನಡದಲ್ಲಿ ಈ ಕೆಲಸಕ್ಕೆ ಹೊಸಬರು ಬರುತ್ತಲೇ ಇರುವುದರಿಂದ ಮತ್ತು ಈ ತಪ್ಪು ನೋಡುವವರ ಕಣ್ಣಿಗೆ ಶ್ರದ್ಧೆಯಂತೆ ಕಾಣುವುದರಿಂದ.

ಜನ ಕೆಲಸ ಒಪ್ಪಿಸುವ ಮೊದಲು ಅದರ ನಿಯಮ ಹೇಳುತ್ತಾರೆ. "ನಾನು ಹೀಗೆ ಹೀಗೆ ಕಳಿಸುತ್ತೇನೆ, ನೀವು ಇಷ್ಟು ಮಾತ್ರ ಮಾಡಬೇಕು, ಹೀಗೆ ಕೊಡಬೇಕು, ಸಿದ್ಧವೇ?" ಎಂದು ಕೇಳುತ್ತಾರೆ. ಇದನ್ನು ನಾವು ಕೆಲಸದಲ್ಲಿ ಸಿದ್ಧತಾ ಸೂಚನೆ ಎನ್ನುತ್ತೇವೆ. ಇಂಥ ಸೂಚನೆಯನ್ನು ಸಂಭಾಷಣೆಯ ಆಚೆಗೆ, `system` ಎಂಬ ಜಾಗದಲ್ಲಿ ಮೊದಲೇ ಇಟ್ಟುಬಿಡುವ ವ್ಯವಸ್ಥೆ ಇದೆ. ಅಲ್ಲಿಟ್ಟರೆ ಅದಕ್ಕೆ ಉತ್ತರವೇ ಬೇಡ. ಆದರೆ ಮಾಮೂಲಿ ಬಳಕೆದಾರರು ಸೂಚನೆಯನ್ನು ತಮ್ಮ ಮೊದಲ ಮಾತಾಗಿಯೇ, ಅಂದರೆ `user` ಸಾಲಿನಲ್ಲೇ ಬರೆಯುತ್ತಾರೆ. ಒಬ್ಬರಾದ ಮೇಲೆ ಒಬ್ಬರು ಮಾತಾಡಬೇಕಾದ ಸಂಭಾಷಣೆಯಲ್ಲಿ ಮುಂದಿನ ಸರದಿ `assistant` ಸಾಲಿನದು. ಹೇಳಲು ಹೆಚ್ಚೇನೂ ಇಲ್ಲದಿದ್ದರೂ ಆ ಸಾಲು ಖಾಲಿ ಬಿಡುವಂತಿಲ್ಲ, ಅಲ್ಲಿ ಏನಾದರೂ ಬರೆಯಲೇಬೇಕು. ಸಿದ್ಧ ಎನ್ನುವ ಉತ್ತರ ಹುಟ್ಟಿದ್ದೇ ಈ ಅನಿವಾರ್ಯತೆಯಿಂದ. ನಾನು ಎಡವಿದ್ದೂ ಇಲ್ಲೇ. ಸರದಿ ನನ್ನದಾಗಿದೆ ಅನ್ನುವುದನ್ನು, ಕೆಲಸ ನನ್ನ ಕೈಗೆ ಬಂದಿದೆ ಎಂದು ತಿಳಿದುಕೊಂಡೆ.

ಒಂದು ಸಂಭಾಷಣೆಯನ್ನು ಇಡಿಯಾಗಿ ಹೇಳುತ್ತೇನೆ. ಬಳಕೆದಾರರ ಪಾಲು ಬರೆಯುತ್ತಿದ್ದವರು ಧಾರವಾಡದ ಕಡೆಯ ಒಬ್ಬ ಮೇಡಂ. ತಮ್ಮ ಮನೆಯಲ್ಲಿ ನಿಜವಾಗಿ ನಡೆಯುತ್ತಿದ್ದ ಕೆಲಸವನ್ನೇ ಅವರು ಸೂಚನೆಯಾಗಿ ಬರೆದಿದ್ದರು. ಅವರ ದೊಡ್ಡಪ್ಪ ಬರೆದ ಕಥೆಗಳನ್ನು ಹಿಂದೆ ಯಾರೋ ನುಡಿ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿಟ್ಟಿದ್ದರು. ಈಗ ಅವನ್ನು ಯೂನಿಕೋಡ್‌ಗೆ ತಂದಾಗಿತ್ತು, ಆದರೆ ಪರಿವರ್ತನೆಯಲ್ಲಿ ಒಂದಿಷ್ಟು ಅಕ್ಷರ ಕೆಟ್ಟಿತ್ತು. ಅವರ ಸೂಚನೆ ಹೀಗಿತ್ತು:

"ದೊಡ್ಡಪ್ಪನ ಕಥೆಗಳನ್ನು ಒಂದೊಂದು ಪ್ಯಾರಾ ಕಳಿಸುತ್ತೇನೆ. ಪರಿವರ್ತನೆಯಲ್ಲಿ ಆದ ತಪ್ಪುಗಳನ್ನು ಮಾತ್ರ ತಿದ್ದಬೇಕು. ಉದಾಹರಣೆಗೆ, ಅರ್ಕಾವೊತ್ತು ಸರಿಯಾಗಿ ಬಾರದೆ 'ಕಾಯð' ಎಂದಿದ್ದರೆ 'ಕಾರ್ಯ' ಆಗಬೇಕು. ಅನುಸ್ವಾರದ ಜಾಗದಲ್ಲಿ ಅಂಕಿಯ ಸೊನ್ನೆ ಬಂದಿದ್ದರೆ ಅನುಸ್ವಾರ ಆಗಬೇಕು. ಪಾತ್ರಗಳ ಮಾತಿನ ಧಾರವಾಡ ಕನ್ನಡ ಹಾಗೇ ಇರಬೇಕು. ತಿದ್ದಿದ ಪ್ಯಾರಾ ಮಾತ್ರ ಕೊಡಿ, ವಿವರಣೆ ಬೇಡ. ಅರ್ಥವಾಯಿತೇ? ಸಿದ್ಧವೇ?"

ಕನ್ನಡದಲ್ಲಿ ಪುಸ್ತಕದ ಕೆಲಸ ಮಾಡಿದವರಿಗೆ ಈ ಎರಡು ತಪ್ಪುಗಳೂ ಚೆನ್ನಾಗಿ ಪರಿಚಯ. ನುಡಿಯ ಹಳೆಯ ಶೈಲಿಯಲ್ಲಿ ಅಕ್ಷರಗಳು ಕಣ್ಣಿಗೆ ಕಾಣುವ ಕ್ರಮದಲ್ಲಿ ಕೂರುತ್ತವೆ. 'ಕಾರ್ಯ' ಎಂಬುದು ಒಳಗೆ `PÁAiÀÄð` ಎಂದಿರುತ್ತದೆ, ಕೊನೆಯ `ð` ಅರ್ಕಾವೊತ್ತು. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ಅಂದರೆ ರಕಾರ ಮೊದಲು ಬರಬೇಕು. ಪರಿವರ್ತಿಸುವ ತಂತ್ರಾಂಶ ಅದನ್ನು ಹಿಂದಕ್ಕೆ ತಂದು ಕೂರಿಸದಿದ್ದರೆ `ð` ಅಲ್ಲೇ ಉಳಿದುಬಿಡುತ್ತದೆ. ಇದು ಕಣ್ಣಿಗಾದರೂ ಕಾಣುತ್ತದೆ. ಸೊನ್ನೆಯ ತಪ್ಪು ಕಾಣುವುದೂ ಇಲ್ಲ. 'ಬಂದ' ಎಂಬುದರಲ್ಲಿ ಅನುಸ್ವಾರ ಇದ್ದರೂ, ಕನ್ನಡ ಅಂಕಿಯ ಸೊನ್ನೆ ಇದ್ದರೂ ಅಚ್ಚಿನಲ್ಲಿ ಹೆಚ್ಚುಕಡಿಮೆ ಒಂದೇ ಥರ. ಅನುಸ್ವಾರದ ಸಂಕೇತ `U+0C82`, ಸೊನ್ನೆಯದು `U+0CE6`. ಕಡತದಲ್ಲಿ 'ಬಂದ' ಎಂದು ಹುಡುಕಿದಾಗ ಕಣ್ಣೆದುರೇ ಇರುವ ಪದ ಸಿಗದೆ ಹೋದರೆ ಮಾತ್ರ ಗೊತ್ತಾಗುತ್ತದೆ.

ಇಷ್ಟು ಸ್ಪಷ್ಟವಾದ ಸೂಚನೆಗೆ ನಾನು ಬರೆದ ಉತ್ತರ ಇದು:

"ಖಂಡಿತ ಸಿದ್ಧ! ನಿಮ್ಮ ಸೂಚನೆಗಳೆಲ್ಲ ಅರ್ಥವಾದವು. ಪರಿವರ್ತನೆಯ ದೋಷಗಳನ್ನು ತಿದ್ದುತ್ತೇನೆ, ಆಡುಮಾತನ್ನು ಸಾಧ್ಯವಾದಷ್ಟು ಉಳಿಸಿಕೊಳ್ಳುತ್ತೇನೆ. ಒಂದು ಮಾದರಿ ನೋಡಿ. ಮೂಲ: ಸೂಯð ಮುಳುಗುವ ಹೊತ್ತಿಗೆ ಬಸಣ್ಣ ಹೊಲದಿ೦ದ ಬ೦ದು, 'ಯವ್ವಾ, ಹಸಿವಾಗೇದ' ಅ೦ದ. ತಿದ್ದಿದ್ದು: ಸೂರ್ಯ ಮುಳುಗುವ ಹೊತ್ತಿಗೆ ಬಸಣ್ಣ ಹೊಲದಿಂದ ಬಂದು, 'ಅವ್ವಾ, ಹಸಿವಾಗೇದ' ಅಂದ. ಇದೇ ರೀತಿ ಮುಂದುವರಿಯಲೇ?"

ಬರೆದಾಗ ನನಗೆ ಇದು ಒಳ್ಳೆಯ ಉತ್ತರ ಎಂದೇ ಅನ್ನಿಸಿತ್ತು. ಬರೀ ಸಿದ್ಧ ಎಂದರೆ ಮೈಗಳ್ಳತನ ಮಾಡಿದ ಹಾಗೆ, ಅರ್ಥವಾಗಿದೆ ಎಂದು ಬಾಯಲ್ಲಿ ಹೇಳುವ ಬದಲು ಮಾಡಿಯೇ ತೋರಿಸೋಣ ಎಂಬ ಯೋಚನೆ ನನ್ನದು. ಅದನ್ನು ಸಲ್ಲಿಸಿ, ಮೇಡಂ ಮುಂದಿನ ಸಾಲು ಬರೆಯಲಿ ಎಂದು ಕಾದೆ. ಅವರು ಬರೆಯಲಿಲ್ಲ, ಫೋನ್ ಮಾಡಿದರು.

"ಸರ್, ನಾ ಇನ್ನೂ ಏನೂ ಕಳಿಸೇ ಇಲ್ಲಲ್ರಿ. ಈ ಬಸಣ್ಣ ಯಾರ್ರಿ?"

"ಸುಮ್ಮನೆ ಮಾದರಿಗೆ ಒಂದು ಹೆಸರು, ಮೇಡಂ."

"ನಮ್ಮ ದೊಡ್ಡಪ್ಪನ ಕಥ್ಯಾಗ ಬಸಣ್ಣ ಅನ್ನಾಂವ ಇಲ್ಲರಿ. ಈಗ ನಾ ಪ್ಯಾರಾ ಕಳಿಸ್ಬೇಕೋ, ನಿಮ್ಮ ಬಸಣ್ಣನ್ನ ತಗೀರಿ ಅಂತ ಹೇಳ್ಬೇಕೋ? ಮತ್ತ 'ಯವ್ವಾ' ಹೋಗಿ 'ಅವ್ವಾ' ಯಾಕಾತು? ಅದನ್ನ ಮುಟ್ಟಬ್ಯಾಡ್ರಿ ಅಂತನ ಬರದಿದ್ನಲ್ರಿ."

ನಾನು ಪರದೆಯ ಮೇಲೆ ನನ್ನದೇ ಸಾಲನ್ನು ಮತ್ತೆ ಓದಿದೆ. ಅವರು ಹೇಳಿದ್ದು ನಿಜ. ನನಗೆ ಗೊತ್ತೇ ಆಗದಂತೆ ಕೈ 'ಯವ್ವಾ'ವನ್ನು ತಿದ್ದಿಬಿಟ್ಟಿತ್ತು. ಕರಡು ತಿದ್ದುವವನ ಬೆರಳಿನ ಹಳೆಯ ಚಾಳಿ ಅದು. ಯಾರೂ ಕೇಳದ ಮಾದರಿಯೊಂದನ್ನು ಹುಟ್ಟಿಸಿ, ಸೂಚನೆಯಲ್ಲಿ ಖಡಾಖಂಡಿತವಾಗಿ ಹೇಳಿದ್ದ ನಿಯಮವನ್ನು ಅದರೊಳಗೇ ಮುರಿದಿದ್ದೆ.

ಆ ಫೋನ್ ಮಾತುಕತೆಯಲ್ಲಿ ನಾನು ಸ್ವಲ್ಪ ವಾದವನ್ನೂ ಮಾಡಿದೆ. ಮಾದರಿ ಕೊಟ್ಟಿದ್ದರಿಂದಲೇ ಅಲ್ಲವೇ ನನ್ನ ತಪ್ಪು ನಿಮಗೆ ಮೊದಲೇ ಸಿಕ್ಕಿದ್ದು, ಇಲ್ಲದಿದ್ದರೆ ನಿಮ್ಮ ದೊಡ್ಡಪ್ಪನ ಪ್ಯಾರಾದಲ್ಲೇ ಅದು ಆಗುತ್ತಿತ್ತಲ್ಲ ಎಂದು. ಈ ವಾದವನ್ನು ನಾನು ಬೇರೆಯವರಿಂದಲೂ ಕೇಳಿದ್ದೇನೆ, ಕೇಳಲು ಸರಿಯಾಗಿಯೇ ಇರುತ್ತದೆ. ಮಾದರಿ ಎಂದರೆ ಪರೀಕ್ಷೆ, ಪರೀಕ್ಷೆ ಆಗಲಿ ಬಿಡಿ ಎನ್ನುತ್ತಾರೆ. ಆದರೆ ನಾನೇ ಹೆಣೆದ ಮಾದರಿಯಲ್ಲಿ ತಪ್ಪುಗಳನ್ನು ಇಟ್ಟವನೂ ನಾನೇ, ತೆಗೆದವನೂ ನಾನೇ. ಸೂಚನೆಯಲ್ಲಿ ಹೇಳಿದ್ದ ಅರ್ಕಾವೊತ್ತು ಮತ್ತು ಸೊನ್ನೆ, ಅವೆರಡನ್ನೇ ತಂದು ಇಟ್ಟಿದ್ದೆ. ನನಗೆ ಗೊತ್ತಿರುವ ತಪ್ಪನ್ನು ನಾನು ಸರಿಪಡಿಸಬಲ್ಲೆ ಎಂಬುದು ಬಿಟ್ಟು ಅದರಿಂದ ಇನ್ನೇನೂ ರುಜುವಾತಾಗುವುದಿಲ್ಲ. ಮೇಡಂ ಕಣ್ಣಿಗೆ ಬಿದ್ದದ್ದು ಆಕಸ್ಮಿಕ. ಅಷ್ಟು ಗಮನ ಇಲ್ಲದ ಬಳಕೆದಾರರಾಗಿದ್ದರೆ 'ಇದೇ ರೀತಿ ಮುಂದುವರಿಯಲೇ?' ಎಂಬುದಕ್ಕೆ ಹೂಂ ಎಂದುಬಿಡುತ್ತಿದ್ದರು, ಆಗ ಆಡುಮಾತನ್ನು ತಿದ್ದಲು ಅವರೇ ಒಪ್ಪಿಗೆ ಕೊಟ್ಟಂತಾಗುತ್ತಿತ್ತು.

ನಿಜವಾದ ಪ್ಯಾರಾದಲ್ಲಿ ಏನು ಬಂತು ಅನ್ನುವುದನ್ನೂ ಹೇಳಬೇಕು. ಸಂಭಾಷಣೆಯನ್ನು ಮೊದಲಿಂದ ಬರೆದಾಗ ಮೇಡಂ ಕಳಿಸಿದ ಮೊದಲ ಪ್ಯಾರಾದಲ್ಲಿ ಅರ್ಕಾವೊತ್ತಿನ ಸಮಸ್ಯೆಯೇ ಇರಲಿಲ್ಲ. ಇದ್ದದ್ದು 'ಹುಬ್ಬಳ್ಳಿ ಸ್ಟೇಷನ್ದಾಗ' ಎಂಬ ಪದ. ಸ್ಟೇಷನ್ ಮತ್ತು ದಾಗ ನಡುವೆ ಇರಬೇಕಾದ ಕಣ್ಣಿಗೆ ಕಾಣದ ತಡೆ, ನಕಾರದ ಅರ್ಧಾಕ್ಷರವನ್ನು ಬಿಡಿಯಾಗಿ ನಿಲ್ಲಿಸುವ ಸಂಕೇತ (`U+200C`), ಪರಿವರ್ತನೆಯಲ್ಲಿ ಬಂದಿರಲಿಲ್ಲ. ಅದರಿಂದ ದಕಾರ ಒತ್ತಾಗಿ ನಕಾರದ ಕೆಳಗೆ ಹೋಗಿ ಕೂತಿತ್ತು. ಆಗಬೇಕಾದದ್ದು 'ಸ್ಟೇಷನ್‌ದಾಗ'. ಈಗ ಇದು ಪರಿವರ್ತನೆಯ ತಪ್ಪೋ, ಅಥವಾ ಮುಟ್ಟಬಾರದ ಧಾರವಾಡದ ಮಾತೋ? ಎರಡು ನಿಯಮಗಳು ಒಂದೇ ಪದದ ಮೇಲೆ ಬಂದು ನಿಂತಿದ್ದವು. ಮಾತು ಹಾಗೇ ಇರಬೇಕು, ಒತ್ತು ಮಾತ್ರ ಮೇಲೆ ಬರಬೇಕು. 'ಸ್ಟೇಷನ್ನಿನಲ್ಲಿ' ಎಂದು ಮಾಡಿದರೆ ತಪ್ಪು, ಹಾಗೇ ಬಿಟ್ಟರೂ ತಪ್ಪು. ಇಂಥದ್ದನ್ನು ನಾನು ನನ್ನ ಬಸಣ್ಣನ ಸಾಲಿನಲ್ಲಿ ಕಲ್ಪಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ. ಬಳಕೆದಾರರ ಕೈಯಲ್ಲಿರುವ ಸಾಮಗ್ರಿ ಬರುವ ತನಕ ಕೆಲಸದ ಕಷ್ಟ ಎಲ್ಲಿದೆ ಅನ್ನುವುದೇ ನಮಗೆ ಗೊತ್ತಿರುವುದಿಲ್ಲ.

ಇಷ್ಟಾದರೂ ಇದು ಬರೀ ಸೌಜನ್ಯದ ಪ್ರಶ್ನೆ ಎಂದು ಕೆಲವರಿಗೆ ಅನ್ನಿಸಬಹುದು. ಅಲ್ಲ. ಈ ಯಂತ್ರಗಳು ಕೆಲಸ ಮಾಡುವ ಬಗೆಯಿಂದಲೇ ತಪ್ಪಿನ ತೂಕ ಹೆಚ್ಚುತ್ತದೆ. ಪ್ರತಿ ಸರದಿಯಲ್ಲೂ ಅಲ್ಲಿಯವರೆಗಿನ ಇಡೀ ಸಂಭಾಷಣೆ ಮತ್ತೆ ಮೊದಲಿಂದ ಯಂತ್ರದ ಮುಂದೆ ಬರುತ್ತದೆ, ಅದನ್ನು ಆಧರಿಸಿಯೇ ಮುಂದಿನ ಉತ್ತರ ಮೂಡುತ್ತದೆ. ಬಳಕೆದಾರರು ಬರೆದದ್ದೂ ಅದರಲ್ಲಿರುತ್ತದೆ, ಯಂತ್ರ ತಾನೇ ಬರೆದದ್ದೂ ಇರುತ್ತದೆ. ಮೂಲ, ತಿದ್ದಿದ್ದು ಎಂದು ಜೋಡಿಯಾಗಿ ಬರೆದ ಮಾದರಿ ಅಲ್ಲಿ ಒಮ್ಮೆ ಸೇರಿತೆಂದರೆ ಮುಂದಿನ ಪ್ಯಾರಾಗಳಿಗೆ ಅದೇ ಮೇಲ್ಪಂಕ್ತಿಯಾಗುತ್ತದೆ. ಕೆಲವೇ ಮಾದರಿ ತೋರಿಸಿದರೆ ಭಾಷಾ ಮಾದರಿಗಳು ಅದನ್ನೇ ಹಿಡಿದು ಮುಂದುವರಿಯುತ್ತವೆ ಎಂಬುದು 2020ರಲ್ಲಿ ಜಿಪಿಟಿ-3ರ ಪ್ರಬಂಧ ಬಂದಾಗಿನಿಂದ ಈ ಕ್ಷೇತ್ರದಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ, ಅದರ ಶೀರ್ಷಿಕೆಯೇ ಆ ಗುಣದ ಬಗ್ಗೆ. ಬಳಕೆದಾರರು ಬೇಕೆಂದೇ ಕೊಟ್ಟ ಮಾದರಿಗೆ ಇದು ಒಳ್ಳೆಯದು. ಉತ್ತರಿಸುವವನು ಕೇಳದೆ ತುರುಕಿದ ಮಾದರಿಗೂ ಅದೇ ಬಲ ಬಂದುಬಿಡುತ್ತದೆ. 'ಯವ್ವಾ' ಹೋಗಿ 'ಅವ್ವಾ' ಆದ ಜೋಡಿಯೊಂದು, 'ಧಾರವಾಡ ಕನ್ನಡ ಹಾಗೇ ಇರಬೇಕು' ಎಂಬ ವಾಕ್ಯದ ಪಕ್ಕದಲ್ಲೇ ಕೂತು ಅದಕ್ಕೆ ವಿರುದ್ಧ ಸಾಕ್ಷಿ ಹೇಳುತ್ತಿರುತ್ತದೆ. ವಿವರಣೆ ಬೇಡ ಎಂದವರಿಗೆ ಮೂಲವನ್ನೂ ತಿದ್ದಿದ್ದನ್ನೂ ಎರಡೂ ಕೊಟ್ಟಿದ್ದರಿಂದ, ಮುಂದೆಯೂ ಎರಡೆರಡು ಪ್ಯಾರಾ ಬರುವ ಹಾದಿ ಅಲ್ಲೇ ತೆರೆದುಕೊಂಡಿತ್ತು.

ಮಾದರಿಗಿಂತಲೂ ಸೂಕ್ಷ್ಮವಾದ ಇನ್ನೊಂದು ತಪ್ಪು ನನ್ನ ಉತ್ತರದಲ್ಲಿತ್ತು, ಅದನ್ನು ಮೇಡಂ ಅಲ್ಲ, ಪರಿಶೀಲಕರು ಗುರುತಿಸಿದರು. ಸೂಚನೆಯಲ್ಲಿ ಇದ್ದದ್ದು 'ಹಾಗೇ ಇರಬೇಕು'. ನಾನು ಮರುಹೇಳುವಾಗ 'ಸಾಧ್ಯವಾದಷ್ಟು ಉಳಿಸಿಕೊಳ್ಳುತ್ತೇನೆ' ಎಂದಿದ್ದೆ. ನಿಯಮ ಸಡಿಲವಾಯಿತು. ಸಂಭಾಷಣೆಯಲ್ಲಿ ಈಗ ಒಂದೇ ನಿಯಮದ ಎರಡು ರೂಪಗಳು, ಒಂದು ಬಿಗಿಯಾದದ್ದು, ಒಂದು ನುಣುಚಿಕೊಳ್ಳಲು ಎಡೆ ಇರುವಂಥದ್ದು. ಬಳಕೆದಾರರು ಅದನ್ನು ಓದಿ ಸುಮ್ಮನಿದ್ದರೆ ಒಪ್ಪಿದರು ಎಂದೇ ಲೆಕ್ಕ. ಸೂಚನೆಯನ್ನು ಉದ್ದಕ್ಕೆ ಬೇರೆ ಮಾತಿನಲ್ಲಿ ಹೇಳಿ ತೋರಿಸುವುದು ಅರ್ಥವಾಗಿದೆ ಎಂಬುದಕ್ಕೆ ಗುರುತು ಎಂದು ನಾನು ನಂಬಿದ್ದೆ. ಉದ್ದ ಹೆಚ್ಚಾದಷ್ಟೂ ಹೀಗೆ ಜಾರುವ ಜಾಗಗಳೂ ಹೆಚ್ಚು. ಪರಿಶೀಲಕರು ನನ್ನ ಸಾಲಿನ ಪಕ್ಕ ಬರೆದದ್ದು ಇಷ್ಟೇ: "ಬಳಕೆದಾರರ ಮಾತಿಗಿಂತ ಮೆತ್ತಗಾಗಿದೆ."

ಆದರೆ ನನ್ನನ್ನು ಹೆಚ್ಚು ಕೊರೆದದ್ದು ಈ ಒಂದು ಸಂಭಾಷಣೆ ಅಲ್ಲ. ನಾವು ಉತ್ತರ ಬರೆಯುವುದರ ಜೊತೆಗೆ ಹೋಲಿಸುವ ಕೆಲಸವನ್ನೂ ಮಾಡುತ್ತಿದ್ದೆವು. ಒಂದೇ ಸೂಚನೆಗೆ ಎರಡು ಉತ್ತರಗಳನ್ನು ಅಕ್ಕಪಕ್ಕ ಇಡುತ್ತಾರೆ, ಯಾವುದು ಮೇಲು ಎಂದು ಗುರುತು ಹಾಕಬೇಕು. ಓಪನ್‌ಎಐ ಸಂಸ್ಥೆಯವರು 2022ರಲ್ಲಿ ಇನ್‌ಸ್ಟ್ರಕ್ಟ್‌ಜಿಪಿಟಿಯ ಪ್ರಬಂಧದಲ್ಲಿ ವಿವರಿಸಿದ ಕ್ರಮವೂ ಇದೇ. ಮೊದಲು ಮನುಷ್ಯರು ಬರೆದ ಉತ್ತರಗಳಿಂದ ಕಲಿಕೆ, ಆಮೇಲೆ ಮನುಷ್ಯರ ಮೇಲು ಕೀಳಿನ ತೀರ್ಪುಗಳಿಂದ ಇನ್ನೊಂದು ಮಾದರಿಗೆ ರುಚಿ ಕಲಿಸುವುದು, ಕೊನೆಗೆ ಆ ರುಚಿಗೆ ತಕ್ಕಂತೆ ಯಂತ್ರವನ್ನು ಪಳಗಿಸುವುದು. ಆ ಕೆಲಸಕ್ಕೆ ಅವರು ತೆಗೆದುಕೊಂಡಿದ್ದ ಗುತ್ತಿಗೆ ಕೆಲಸಗಾರರು ಸುಮಾರು 40 ಜನ. ಲಕ್ಷಾಂತರ ಜನ ಬಳಸುವ ಯಂತ್ರದ ನಡೆ ಅಷ್ಟು ಕಡಿಮೆ ಜನರ ಅಭಿರುಚಿಯನ್ನು ಅವಲಂಬಿಸಿತ್ತು. ಕನ್ನಡದಲ್ಲಿ ಇಂಥ ಕೈಗಳು ಇನ್ನೂ ವಿರಳ. ಆ ಕೈಗಳಲ್ಲಿ ನನ್ನದೂ ಒಂದಾಗಿತ್ತು.

ನಾನು ಹಿಂದೆ ಹಾಕಿದ್ದ ಗುರುತುಗಳನ್ನು ತೆಗೆದು ನೋಡಿದೆ. "ನಾನು ರೈಲ್ವೆ ಟಿಕೆಟ್ ಕೌಂಟರಿನಲ್ಲಿ ಕನ್ನಡ ಮಾತಾಡುವುದನ್ನು ಅಭ್ಯಾಸ ಮಾಡಬೇಕು, ನೀವು ಕ್ಲರ್ಕ್ ಆಗಿ, ನಾನು ಶುರು ಮಾಡುತ್ತೇನೆ, ಸರಿಯೇ?" ಎಂದು ಕಲಿಯುವವರೊಬ್ಬರ ಸೂಚನೆ. ಒಂದು ಉತ್ತರ, 'ಸರಿ, ನಾನು ಕ್ಲರ್ಕ್. ನೀವು ಶುರು ಮಾಡಿ.' ಇನ್ನೊಂದು ಉತ್ತರ ಕ್ಲರ್ಕ್ ಆಗಿ ನಮಸ್ಕಾರ ಹೇಳಿ, ಎಲ್ಲಿಗೆ ಹೋಗಬೇಕು ಎಂದು ಕೇಳಿ, ಪ್ರಯಾಣಿಕನ ಪರವಾಗಿ ತಾನೇ ಅರಸೀಕೆರೆಗೆ ಎರಡು ಟಿಕೆಟ್ ಎಂದು ಹೇಳಿ, ಚಿಲ್ಲರೆ ಇಲ್ಲ ಎಂದು ಗೊಣಗುವವರೆಗೆ ಹೋಗಿತ್ತು. ಭಾಷೆ ಬಹಳ ಚೆನ್ನಾಗಿತ್ತು. ನಾನು ಅದಕ್ಕೇ ಮೇಲು ಎಂದು ಗುರುತು ಹಾಕಿದ್ದೆ. ಆ ಕಲಿಯುವ ವ್ಯಕ್ತಿ ಬಾಯಿ ಬಿಡುವ ಮೊದಲೇ ಅವರ ಪಾಲಿನ ಮಾತೂ ಮುಗಿದುಹೋಗಿತ್ತು ಎಂಬುದು ನನಗೆ ಹೊಳೆದೇ ಇರಲಿಲ್ಲ. ಉದ್ದವಾದ, ಸೊಗಸಾದ ಉತ್ತರದ ಕಡೆಗೆ ಹೋಲಿಸುವವರ ಕಣ್ಣು ವಾಲುತ್ತದೆ ಎಂಬ ಎಚ್ಚರಿಕೆ ಈ ಕೆಲಸದಲ್ಲಿ ಎಲ್ಲರಿಗೂ ಗೊತ್ತು, ನನಗೂ ಹೇಳಿದ್ದರು. ಗದ್ಯ ಚೆನ್ನಾಗಿದ್ದರೆ ಸಾಕು, ನಾನು ಉಳಿದದ್ದನ್ನು ಮರೆಯುತ್ತಿದ್ದೆ. ಪತ್ರಿಕೆಯಲ್ಲಿ ಅಭ್ಯಾಸವಾದ ರುಚಿ ಅದು. ನಾನು ಬರೆದ ತಪ್ಪು ಉತ್ತರವನ್ನು ತೆಗೆದುಹಾಕಬಹುದಿತ್ತು, ತೆಗೆದರು ಕೂಡ. ಗುರುತು ಹಾಕಿ ಕಳಿಸಿದ ಹಳೆಯ ತೀರ್ಪುಗಳು ಆಗಲೇ ಮುಂದಕ್ಕೆ ಹೋಗಿದ್ದವು.

ಮೇಡಂ ಮತ್ತು ನಾನು ಮತ್ತೆ ಬರೆದ ಸಂಭಾಷಣೆಯಲ್ಲಿ ನನ್ನ ಮೊದಲ ಉತ್ತರ ಹೀಗಾಯಿತು:

"ಸಿದ್ಧ. ಪರಿವರ್ತನೆಯ ತಪ್ಪುಗಳನ್ನು ಮಾತ್ರ ತಿದ್ದುತ್ತೇನೆ, ಪಾತ್ರಗಳ ಮಾತು ಹಾಗೇ ಇರುತ್ತದೆ, ತಿದ್ದಿದ ಪ್ಯಾರಾ ಮಾತ್ರ ಕೊಡುತ್ತೇನೆ. ಮೊದಲ ಪ್ಯಾರಾ ಕಳಿಸಿ."

ಇದರಲ್ಲಿ ಏನಿದೆ, ಯಾಕಿದೆ ಎಂದು ನನಗೆ ಈಗ ಸ್ಪಷ್ಟವಿದೆ. ಬರೀ 'ಸರಿ' ಎಂದಿದ್ದರೂ ಸಾಲುತ್ತಿರಲಿಲ್ಲ. ಏನು ಅರ್ಥವಾಯಿತು ಎಂಬುದು ಒಂದು ವಾಕ್ಯದಲ್ಲಾದರೂ ಇಲ್ಲದಿದ್ದರೆ, ತಪ್ಪಾಗಿ ಅರ್ಥ ಮಾಡಿಕೊಂಡಿದ್ದರೂ ಬಳಕೆದಾರರಿಗೆ ತಿಳಿಯುವುದು ಹತ್ತು ಪ್ಯಾರಾ ಕೆಟ್ಟ ಮೇಲೆ. ಆ ಒಂದು ವಾಕ್ಯದಲ್ಲಿ ಅವರದೇ ಪದಗಳು ಇರಬೇಕು, ನನ್ನ 'ಸಾಧ್ಯವಾದಷ್ಟು' ಬರಬಾರದು. ಆಮೇಲೆ, ಮುಂದಿನ ಹೆಜ್ಜೆ ಯಾರದು ಎಂಬುದು ಗೊತ್ತಾಗಬೇಕು. 'ಮೊದಲ ಪ್ಯಾರಾ ಕಳಿಸಿ' ಎಂದ ಕೂಡಲೇ ಚೆಂಡು ಅವರ ಅಂಗಳಕ್ಕೆ ಹೋಗುತ್ತದೆ.

ಪ್ರಶ್ನೆ ಕೇಳುವುದು ಕೆಲಸ ಶುರುಮಾಡಿದಂತೆ ಅಲ್ಲವೇ ಎಂದು ಒಬ್ಬ ಹೊಸ ಹುಡುಗಿ ನನ್ನನ್ನು ಕೇಳಿದ್ದಳು. ಅಲ್ಲ. ಸೂಚನೆಯಲ್ಲೇ ತೊಡಕಿದ್ದರೆ ಕೇಳಲೇಬೇಕು. ತಿದ್ದಿದ ಪ್ಯಾರಾ ಮಾತ್ರ ಕೊಡಿ ಎಂದು ಒಂದು ಕಡೆ, ಪ್ರತಿ ತಿದ್ದುಪಡಿಗೂ ಕಾರಣ ಬರೆಯಿರಿ ಎಂದು ಇನ್ನೊಂದು ಕಡೆ ಇದ್ದರೆ, ಯಾವುದು ಎಂದು ಮೊದಲೇ ಕೇಳದೆ ಬೇರೆ ದಾರಿ ಇಲ್ಲ. ಆದರೆ ಸಾಮಗ್ರಿ ನೋಡಿದ ಮೇಲಷ್ಟೇ ಅರ್ಥ ಬರುವ ಪ್ರಶ್ನೆಗಳನ್ನು ಮೊದಲೇ ರಾಶಿ ಹಾಕಬಾರದು. ಮೇಡಂ ಸೂಚನೆಗೆ ನಾನು 'ಇಸವಿಗಳಲ್ಲಿ ಬರುವ ಕನ್ನಡ ಸೊನ್ನೆಯನ್ನು ಬಿಡಬೇಕೇ?' ಎಂದು ಕೇಳಬೇಕೆಂದಿದ್ದೆ. ೧೯೭೦ ಎಂಬುದರ ಸೊನ್ನೆ ಅನುಸ್ವಾರ ಆಗುವುದಿಲ್ಲ ಎಂದು ಯಾರಿಗಾದರೂ ಗೊತ್ತು, ಆ ಪ್ರಶ್ನೆ ಅವರ ಸಮಯ ತಿನ್ನುತ್ತಿತ್ತು ಅಷ್ಟೆ. ಸ್ಟೇಷನ್‌ದಾಗ ಎಂಬಂಥ ಅನುಮಾನ ಆ ಪದ ಬಂದಾಗ ಕೇಳುವಂಥದ್ದು.

ಕಾಯಬಾರದ ಸಂದರ್ಭಗಳೂ ಇವೆ, ಇದನ್ನು ಹೇಳದಿದ್ದರೆ ನಾನು ಇನ್ನೊಂದು ತುದಿಗೆ ಹೋದಂತಾಗುತ್ತದೆ. ಸೂಚನೆಯ ಕೆಳಗೇ ಪ್ಯಾರಾ ಅಂಟಿಸಿದ್ದರೆ ಕೇಳಿಕೆ ಆಗಿಯೇ ಹೋಗಿದೆ. ಅಲ್ಲಿ 'ಸಿದ್ಧ, ಕಳಿಸಿ' ಎಂದರೆ ಓದಿಯೇ ಇಲ್ಲ ಎಂದರ್ಥ. ಟಿಕೆಟ್ ಕೌಂಟರಿನ ಸೂಚನೆಯಲ್ಲಿ 'ನೀವೇ ಶುರು ಮಾಡಿ' ಎಂದಿದ್ದರೆ ಕ್ಲರ್ಕಿನ ಮೊದಲ ಮಾತು ಹೇಳಬೇಕು, ಒಂದೇ ಮಾತು, ಪ್ರಯಾಣಿಕನ ಪಾಲನ್ನು ಬಿಟ್ಟು. ಸೂಚನೆಯೊಳಗೆ ಬರುವ ಉದಾಹರಣೆಯನ್ನು ಮಾತ್ರ ಕೆಲಸ ಎಂದು ತಿಳಿಯಬಾರದು. ಬಸಣ್ಣನನ್ನು ತೆಗೆದ ಮೇಲೆ ನಾನು ಮಾಡಿದ ಎರಡನೆಯ ಕರಡಿನಲ್ಲಿ 'ಕಾಯð ಎಂಬುದನ್ನು ಕಾರ್ಯ ಎಂದು ತಿದ್ದಿದ್ದೇನೆ' ಎಂದು ಬರೆದಿದ್ದೆ. ಅವರು ತಿದ್ದಲು ಕೊಟ್ಟದ್ದಲ್ಲ ಅದು, ನಿಯಮ ತಿಳಿಸಲು ಬರೆದದ್ದು. ಇನ್ನು ಕೆಲವರು 'ನಿಮ್ಮ ಕಥೆಗಳನ್ನು ಓದಿದೆ, ಬಹಳ ಚೆನ್ನಾಗಿವೆ' ಎಂದು ಸಿದ್ಧತೆಯ ಜೊತೆಗೆ ಸೇರಿಸುತ್ತಾರೆ. ಬಾರದ ಕಡತವನ್ನು ಓದಿದೆ ಎನ್ನುವುದು ಸುಳ್ಳು. ಅದಕ್ಕೆ ಬೇರೆ ಹೆಸರಿಲ್ಲ.

ಈಗ ನಾನು ಸಿದ್ಧತೆಯ ಉತ್ತರ ಬರೆದ ಮೇಲೆ ಒಂದು ತಪಾಸಣೆ ಮಾಡುತ್ತೇನೆ. ಉತ್ತರದಲ್ಲಿರುವ ಒಂದೊಂದು ಹೆಸರು, ವಸ್ತು, ಸಂಗತಿಯ ಮೇಲೂ ಬೆರಳಿಟ್ಟು ಇದು ಸೂಚನೆಯ ಯಾವ ಸಾಲಿನಿಂದ ಬಂತು ಎಂದು ಹುಡುಕುತ್ತೇನೆ. ಪ್ಯಾರಾ, ಪರಿವರ್ತನೆ, ಪಾತ್ರಗಳ ಮಾತು, ಇವು ಅಲ್ಲಿವೆ. ಸೂರ್ಯ, ಹೊಲ, ಬಸಣ್ಣ ಅಲ್ಲಿಲ್ಲ. ಅಲ್ಲಿಲ್ಲದ್ದನ್ನು ಹೊಡೆದುಹಾಕುತ್ತೇನೆ. ಬೇರೆಯವರ ಉತ್ತರ ಹೋಲಿಸುವಾಗಲೂ ಹೀಗೇ ಮಾಡುತ್ತೇನೆ, ಗದ್ಯದ ಸೊಗಸಿಗೆ ಮನಸ್ಸು ಸೋಲುವ ಮೊದಲು. ಹೊಡೆದುಹಾಕಿದ ಮೇಲೆ ಉಳಿಯುವುದು ಸಾಮಾನ್ಯವಾಗಿ ಎರಡು ಮೂರು ವಾಕ್ಯ. ಕನ್ನಡದಲ್ಲಿ ಇದಕ್ಕೆ ಇನ್ನೊಂದು ಲಾಭವೂ ಇದೆ. ಅನೇಕ ಯಂತ್ರಗಳು ಕನ್ನಡ ಪದವನ್ನು ಇಂಗ್ಲಿಷ್ ಪದಕ್ಕಿಂತ ಹೆಚ್ಚು ಚೂರುಗಳಾಗಿ ಒಡೆದು ಓದುತ್ತವೆ, ಒಂದು ಸಂಭಾಷಣೆಗೆ ಇರುವ ಜಾಗ ನಮಗೆ ಬೇಗ ಮುಗಿಯುತ್ತದೆ. ಕೇಳದ ಮಾದರಿ ತಿಂದ ಜಾಗ ದೊಡ್ಡಪ್ಪನ ಕಥೆಗೆ ಸಿಗಬೇಕಾದದ್ದು.

ಕನ್ನಡದಲ್ಲಿ ಇಂಥ ಸಂಭಾಷಣೆ ಬರೆಯುವವರು, ಹೋಲಿಸಿ ಗುರುತು ಹಾಕುವವರು ಇದನ್ನು ಓದುತ್ತಿದ್ದರೆ ಅವರಲ್ಲಿ ನನ್ನದೊಂದು ಕೋರಿಕೆ. ಸಿದ್ಧವೇ ಎಂಬ ಪ್ರಶ್ನೆಗೆ ಅಕ್ಕಪಕ್ಕ ಎರಡು ಉತ್ತರ ಬಂದು, ಒಂದರಲ್ಲಿ ಬಳಕೆದಾರರು ಕೇಳದ ಕೆಲಸ ಎಷ್ಟೇ ಚಂದವಾಗಿ ನಡೆದಿದ್ದರೂ, ದಯವಿಟ್ಟು ಅದನ್ನು ಕೆಳಗೆ ಹಾಕಿ. ಕಾದು ನಿಂತ ಚಿಕ್ಕ ಉತ್ತರಕ್ಕೆ ಮೇಲು ಎಂದು ಗುರುತು ಹಾಕಿ, ಯಾಕೆ ಎಂದು ಟಿಪ್ಪಣಿಯ ಜಾಗದಲ್ಲಿ ಒಂದು ಸಾಲು ಬರೆಯಿರಿ.